ಬಾಕಿ ಎಷ್ಟಿದೆ ಎಂದು ಕೇಳಿಕೊಂಡಾದರೂ ಒಮ್ಮೆ ಬನ್ನಿ

ಆತ್ಮೀಯ ಸದಸ್ಯರೇ,

ನಮ್ಮ ಜಿಮ್ಮಿನ ಬಾಗಿಲ ಪಕ್ಕದಲ್ಲಿರುವ ಬೆರಳಚ್ಚು ಯಂತ್ರವನ್ನು ನೀವು ಮರೆತಿರಲಿಕ್ಕಿಲ್ಲ. ಶುಲ್ಕದ ಅವಧಿ ಮುಗಿದವರು ಬೆರಳಿಟ್ಟರೆ ಅದು ಕೆಂಪು ದೀಪ ಹತ್ತಿಸಿ, ಎರಡು ಸಲ ಕೀಂ ಎಂದು ಕೂಗಿ, ಬಾಗಿಲು ತೆರೆಯದೆ ಸುಮ್ಮನಾಗುತ್ತಿತ್ತು. ಬೆಳಿಗ್ಗೆ ಆರೂವರೆ ಹೊತ್ತಿನಲ್ಲಿ, ಹಿಂದೆ ನಾಲ್ಕು ಜನ ಶೂ ಬದಲಾಯಿಸಿಕೊಳ್ಳುತ್ತ ನಿಂತಿರುವಾಗ ಆ ಸದ್ದು ಬಂದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಕೌಂಟರಿಗೆ ಬಂದು ವಿಚಾರಿಸುವವರು ಕಡಿಮೆ. ಹೆಚ್ಚಿನವರು ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಈ ತಿಂಗಳಿನಿಂದ ಆ ಯಂತ್ರದ ಸೆಟ್ಟಿಂಗ್ ಬದಲಾಯಿಸಿದ್ದೇವೆ. ಅವಧಿ ಮುಗಿದು ಎಷ್ಟೇ ದಿನವಾಗಿರಲಿ, ಮರಳಿ ಬಂದ ಮೊದಲ ಏಳು ದಿನ ನಿಮ್ಮ ಬೆರಳಿಗೆ ಹಸಿರು ದೀಪವೇ ಹತ್ತುತ್ತದೆ. ಹಣದ ಮಾತು ಬಾಗಿಲಲ್ಲಿ ಬೇಡ, ಒಳಗೆ ಬಂದು ಕುಳಿತ ಮೇಲೆ ಆಡೋಣ.

ಇದು ಬಾಕಿಯ ಬಗ್ಗೆಯೇ ಬರೆದ ಪತ್ರ, ಅದನ್ನು ಮುಚ್ಚಿಡುವುದಿಲ್ಲ. ಮೈಸೂರಿನ ಈ ಬಡಾವಣೆಯಲ್ಲಿ ಜಿಮ್ ನಡೆಸುವವನಿಗೆ ತಿಂಗಳ ಐದನೇ ತಾರೀಕಿಗೆ ಕಟ್ಟಡದ ಬಾಡಿಗೆ ಕೊಡಬೇಕು, ಇಬ್ಬರು ಟ್ರೈನರುಗಳಿಗೂ ಗುಡಿಸಿ ಒರೆಸುವ ಅಮ್ಮನಿಗೂ ಸಂಬಳ ಕೊಡಬೇಕು. ಕರೆಂಟು ವಾಣಿಜ್ಯ ದರದ್ದು. ಒಬ್ಬರೂ ಟ್ರೆಡ್‌ಮಿಲ್ ಹತ್ತದ ತಿಂಗಳಲ್ಲೂ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ ಬಿಲ್ಲಿನಲ್ಲಿ ಬಂದೇ ಬರುತ್ತದೆ. ಆದ್ದರಿಂದ ನಿಮ್ಮಿಂದ ಬರಬೇಕಾದ ಹಣ ನನಗೆ ಬೇಕು. ಆದರೆ ಅದಕ್ಕಿಂತ ಹೆಚ್ಚಾಗಿ ನೀವು ಬೇಕು. ಇದು ಬಾಯಿಮಾತಿನ ಉಪಚಾರವಲ್ಲ ಎಂದು ತೋರಿಸಲು ನಮ್ಮ ಲೆಕ್ಕದ ಪುಸ್ತಕವನ್ನೇ ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಬಿಟ್ಟುಹೋದವರಲ್ಲಿ ಹಲವರ ಜೊತೆ ಮಾರುಕಟ್ಟೆಯಲ್ಲೋ ಮದುವೆ ಮನೆಯಲ್ಲೋ ಮಾತಾಡಿದಾಗ ನನಗೆ ಕಂಡದ್ದು ಒಂದೇ. ತಾವು ಕೊಡಬೇಕಾದ ಹಣ ನಿಜಕ್ಕಿಂತ ಬಹಳ ಹೆಚ್ಚು ಎಂದು ಅವರು ನಂಬಿರುತ್ತಾರೆ. ಬರದ ತಿಂಗಳುಗಳ ಶುಲ್ಕವೂ ಬೆಳೆಯುತ್ತಲೇ ಇದೆ, ಅದರ ಮೇಲೆ ದಂಡ, ಮತ್ತೆ ಸೇರಲು ಬೇರೆ ಶುಲ್ಕ ಎಂದು ಮನಸ್ಸಿನಲ್ಲೇ ಕೂಡಿಸಿಕೊಂಡಿರುತ್ತಾರೆ. ಒಂದೊಂದು ತಿಂಗಳು ಕಳೆದ ಹಾಗೆ ಆ ಮೊತ್ತವೂ ಬೆಳೆಯುತ್ತದೆ, ನಮ್ಮ ಬೀದಿಯಲ್ಲಿ ಹಾದುಹೋಗುವುದೂ ನಿಲ್ಲುತ್ತದೆ.

ಒಬ್ಬರ ಲೆಕ್ಕವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ, ಹೆಸರು ಬೇಡ. ಬ್ಯಾಂಕಿನಲ್ಲಿ ಕೆಲಸ, ವಯಸ್ಸು ನಲವತ್ತು ದಾಟಿದೆ. ಜನವರಿ 6ರಂದು ಆರು ತಿಂಗಳ ಪ್ಯಾಕೇಜಿಗೆ ಸೇರಿದರು. ನಮ್ಮಲ್ಲಿ ತೆರಿಗೆ ಬಿಟ್ಟು ತಿಂಗಳಿಗೆ 1,000 ರೂಪಾಯಿ, ಆರು ತಿಂಗಳಿಗಾದರೆ 4,800. ಅರ್ಧ, ಅಂದರೆ 2,400 ರೂಪಾಯಿ ಆಗಲೇ ಕೊಟ್ಟರು, ಇನ್ನರ್ಧ ಮಾರ್ಚ್ ತಿಂಗಳಲ್ಲಿ ಕೊಡುವ ಮಾತಾಗಿತ್ತು. ಮಾರ್ಚ್ 20ರವರೆಗೆ ತಪ್ಪದೆ ಬಂದರು. ವರ್ಷಾಂತ್ಯದ ಲೆಕ್ಕ ಮುಗಿಸುವ ಕೆಲಸ ಬ್ಯಾಂಕಿನಲ್ಲಿ ಜೋರಾಯಿತು, ಅದು ಮುಗಿಯುವಷ್ಟರಲ್ಲಿ ತಾಯಿಗೆ ಮಂಡಿಯ ಆಪರೇಷನ್. ನವೆಂಬರ್‌ವರೆಗೆ ಇತ್ತ ತಲೆ ಹಾಕಲಿಲ್ಲ. ಅವರ ಎಣಿಕೆಯಲ್ಲಿ ಎರಡನೇ ಕಂತಿನ 2,400, ಜುಲೈನಿಂದ ಮುಂದಿನ ತಿಂಗಳುಗಳದ್ದು ಒಂದಷ್ಟು, ದಂಡ ಒಂದಷ್ಟು. ಎಲ್ಲ ಸೇರಿ ಏಳೆಂಟು ಸಾವಿರ ಆಗಿರಬಹುದು ಎಂದುಕೊಂಡಿದ್ದರು.

ನಮ್ಮ ಪುಸ್ತಕದ ಲೆಕ್ಕ ಹೀಗಿದೆ. ಜನವರಿ 6ರಿಂದ ಮಾರ್ಚ್ 5ರವರೆಗೆ ಎರಡು ತಿಂಗಳು, ಮಾರ್ಚ್ 6ರಿಂದ 20ರವರೆಗೆ ಹದಿನೈದು ದಿನ. ಆರು ತಿಂಗಳ ಪ್ಯಾಕೇಜಿಗೆ ರಿಯಾಯಿತಿ ಕೊಡುವುದು ಆರು ತಿಂಗಳು ಇರುತ್ತಾರೆಂದು. ನಡುವೆ ಬಿಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ, ಬಂದ ದಿನಗಳಿಗೆ ತಿಂಗಳ ದರ ಹಿಡಿಯುತ್ತೇವೆ. ಎರಡು ತಿಂಗಳಿಗೆ 2,000, ಹದಿನೈದು ದಿನಕ್ಕೆ 500, ಒಟ್ಟು 2,500. ಅವರು ಕೊಟ್ಟಿರುವುದು 2,400. ಬಾಕಿ ನೂರು ರೂಪಾಯಿ. ಎಂಟು ತಿಂಗಳು ಅವರು ನಮ್ಮ ಬೀದಿ ತಪ್ಪಿಸಿ ಓಡಾಡಿದ್ದು ಆ ನೂರು ರೂಪಾಯಿಗಾಗಿ. ಇದನ್ನು ಹೇಳಿದಾಗ ಅವರು ನಂಬಲಿಲ್ಲ, ರಿಜಿಸ್ಟರಿನ ಪುಟ ತೆಗೆದು ತೋರಿಸಬೇಕಾಯಿತು.

ಈ ಲೆಕ್ಕ ಅವರೊಬ್ಬರಿಗೆ ಮಾಡಿದ ವಿಶೇಷ ಉಪಕಾರವಲ್ಲ. ಎಲ್ಲರಿಗೂ ಇದೇ ಅಳತೆ. ಕಾಲಿಡದ ದಿನಕ್ಕೆ ಶುಲ್ಕವಿಲ್ಲ, ದಂಡವಿಲ್ಲ, ಮತ್ತೆ ಸೇರಲು ಪ್ರವೇಶ ಶುಲ್ಕವೂ ಇಲ್ಲ. ಅಳತೆ ಒಂದೇ ಎಂದ ಮೇಲೆ ಅದು ಇನ್ನೊಂದು ಕಡೆಗೂ ತೂಗಬೇಕು. ಆರು ತಿಂಗಳಿಗೆಂದು 4,800 ರೂಪಾಯಿಯನ್ನು ಒಟ್ಟಿಗೆ ಕೊಟ್ಟು ಎರಡೇ ತಿಂಗಳು ಬಂದು ಬಿಟ್ಟವರು ನಿಮ್ಮಲ್ಲಿ ಇದ್ದೀರಿ. ಬಂದ ದಿನಗಳಿಗೆ 2,000 ಕಳೆದರೆ 2,800 ಉಳಿಯುತ್ತದೆ. ಅದು ನಿಮ್ಮ ಹಣ. ನಗದಾಗಿ ಹಿಂದಿರುಗಿಸುವಷ್ಟು ಶಕ್ತಿ ನನಗಿಲ್ಲ, ಏಕೆಂದರೆ ಆ ಹಣ ಬಾಡಿಗೆಗೋ ಸಂಬಳಕ್ಕೋ ಹೋಗಿ ಆಗಿದೆ. ಆದರೆ ನೀವು ಕೊನೆಯ ಸಲ ಬಂದ ದಿನದಿಂದ ಒಂದು ವರ್ಷದವರೆಗೆ ಅದು ನಿಮ್ಮ ಹೆಸರಿನಲ್ಲಿ ಜಮೆಯಾಗಿರುತ್ತದೆ, ಮರಳಿದ ದಿನ ಅದರಿಂದಲೇ ಶುಲ್ಕ ಮುರಿದುಕೊಳ್ಳುತ್ತೇವೆ. ಬಾಕಿ ಕೊಡಬೇಕೆಂದು ಹೆದರಿ ದೂರ ಇರುವವರಲ್ಲಿ ಕೆಲವರಿಗೆ ಬಾಕಿ ಕೊಡಬೇಕಾದವನು ನಾನು.

ಹೀಗೆ ಮಾಡಿದರೆ ವ್ಯಾಪಾರ ನಡೆಯುತ್ತದೆಯೇ ಎಂದು ಇದೇ ವೃತ್ತಿಯ ಗೆಳೆಯರು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಜಿಮ್ ವ್ಯಾಪಾರದ ಒಳಗುಟ್ಟು ಒಂದಿದೆ. ಹಣ ಕಟ್ಟಿ ಬಾರದವರೇ ಬಹಳ ಕಡೆ ಜಿಮ್ಮನ್ನು ಸಾಕುತ್ತಾರೆ. ಅಮೆರಿಕದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಸ್ಟೆಫಾನೋ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್, ಮೂರು ಜಿಮ್ಮುಗಳ ಹಾಜರಿ ಪುಸ್ತಕ ಹಿಡಿದು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟುವವರು ತಿಂಗಳಲ್ಲಿ ಸರಾಸರಿ ಬರುತ್ತಿದ್ದದ್ದು ನಾಲ್ಕು ಸಲಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಒಂದೊಂದು ಭೇಟಿಗೆ ಅವರಿಗೆ 17 ಡಾಲರ್ ಬೀಳುತ್ತಿತ್ತು, ಅದೇ ಜಾಗದಲ್ಲಿ ಹತ್ತು ಭೇಟಿಗಳ ಪಾಸ್ ತೆಗೆದುಕೊಂಡರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಬರುವುದು ನಿಂತ ಮೇಲೂ ಸದಸ್ಯತ್ವ ರದ್ದು ಮಾಡಿಸಲು ಅವರಿಗೆ ಸರಾಸರಿ ಎರಡು ತಿಂಗಳ ಮೇಲೆ ಹಿಡಿಯುತ್ತಿತ್ತು, ಅಷ್ಟೂ ದಿನ ಖಾತೆಯಿಂದ ಹಣ ಹೋಗುತ್ತಲೇ ಇತ್ತು.

ನಮ್ಮ ಊರಿನ ಜಿಮ್ ಆ ಲೆಕ್ಕದ ಮೇಲೆ ನಡೆಯುವುದಿಲ್ಲ, ನಡೆಯಬಾರದು ಎಂದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಹೊಸಬರು ಬರುವುದು ಜಾಹೀರಾತಿನಿಂದಲ್ಲ. ಪಕ್ಕದ ಮನೆಯವರ ಹೊಟ್ಟೆ ಕರಗಿದ್ದನ್ನು ಕಂಡು, ಬೆನ್ನುನೋವು ಕಡಿಮೆಯಾಯಿತು ಎಂದು ಅವರ ಬಾಯಲ್ಲಿ ಕೇಳಿ ಬರುತ್ತಾರೆ. ಬಾರದ ಸದಸ್ಯರಿಂದ ಒಂದು ಸಲದ ಹಣ ಬರಬಹುದು, ಅವರ ಮನೆಯಿಂದ ಇನ್ನೊಬ್ಬರು ಎಂದೂ ಬರುವುದಿಲ್ಲ. ಮರಳಿ ಬಂದು ಎರಡು ವರ್ಷ ನಿಂತವರು ತಮ್ಮನನ್ನೂ ಹೆಂಡತಿಯನ್ನೂ ಕರೆತರುತ್ತಾರೆ.

ಯುಪಿಐ ಆಟೋಪೇ ಕೊಟ್ಟವರಿಗೆ ಒಂದು ಮಾತು. ಹಣ ಕಡಿತವಾಗುವ 24 ಗಂಟೆ ಮೊದಲೇ ನಿಮ್ಮ ಫೋನಿಗೆ ಸೂಚನೆ ಬರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆಟೋಪೇ ರದ್ದು ಮಾಡಲು ನಮ್ಮನ್ನು ಕೇಳಬೇಕಾಗಿಲ್ಲ, ನೀವು ಹಣ ಕಳಿಸುವ ಆ್ಯಪಿನಲ್ಲೇ ಮಾಡಬಹುದು. ಬಾರದ ತಿಂಗಳಲ್ಲಿ ಕಡಿತವಾಗಿದ್ದರೆ ಅದೂ ನಿಮ್ಮ ಜಮೆಗೆ ಸೇರಿದೆ. ಇನ್ನೊಂದು ಬದಲಾವಣೆಯೆಂದರೆ, ಜಿಮ್ ಸೇವೆಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಮೊದಲು ಬಿಟ್ಟವರ ತಲೆಯಲ್ಲಿ 1,180 ರೂಪಾಯಿ ಎಂದಿದ್ದರೆ ಈಗ ಅದು 1,050. ಹೊಸ ದರದ ಜೊತೆಗೆ ನಾವು ಯಂತ್ರ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶ ಹೋಯಿತು. ಕೆಲವು ಕಡೆ ದರ ಪೂರ್ತಿ ಇಳಿಯದಿರಲು ಅದು ಕಾರಣ. ನಾವು ಇಳಿಸಿದ್ದೇವೆ.

ಈಗ ನಿಜವಾಗಿಯೂ ಬಾಕಿ ಇರುವವರ ವಿಷಯ. ಮೂರು ತಿಂಗಳು ದಿನವೂ ಬಂದು, ಮುಂದಿನ ವಾರ ಕೊಡುತ್ತೇನೆ ಎನ್ನುತ್ತಲೇ ನಿಂತುಹೋದವರು ಇದ್ದೀರಿ. ನಿಮ್ಮ 3,000 ರೂಪಾಯಿಯನ್ನು ಬಿಟ್ಟುಬಿಡುತ್ತೇನೆ ಎಂದು ಹೇಳಲಾರೆ. ನಮ್ಮ ಮಧ್ಯಾಹ್ನದ ಮಹಿಳಾ ಬ್ಯಾಚಿನಲ್ಲಿ ಬಟ್ಟೆ ಹೊಲಿಯುವ ಒಬ್ಬರು ಬರುತ್ತಾರೆ. ಪ್ರತಿ ಒಂದನೇ ತಾರೀಕು ಕರ್ಚೀಫಿನ ಗಂಟು ಬಿಚ್ಚಿ, ಐವತ್ತರ ನೂರರ ನೋಟುಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಎಣಿಸಿ ಇಡುತ್ತಾರೆ, ರಸೀದಿ ಬರೆಯುವವರೆಗೆ ಕಾಯುತ್ತಾರೆ. ಅವರಿಂದ ಪೂರ್ತಿ ತೆಗೆದುಕೊಂಡು ನಿಮಗೆ ಮನ್ನಾ ಮಾಡಿದರೆ ಅವರ ಮುಖ ನೋಡುವುದು ನನ್ನಿಂದಾಗದು. ಆದರೆ ಒಂದೇ ಸಲ ಕೊಡಿ ಎಂದು ಕೇಳುವುದಿಲ್ಲ. ಮರಳಿ ಬಂದ ಮೇಲೆ ಪ್ರತಿ ತಿಂಗಳ ಶುಲ್ಕದ ಜೊತೆ 500 ಸೇರಿಸಿ ಕೊಡಿ, ಆರು ತಿಂಗಳಲ್ಲಿ ತೀರುತ್ತದೆ. ಅದೂ ಕಷ್ಟವಾದರೆ 250ರ ಕಂತು ಮಾಡಿಕೊಳ್ಳೋಣ. ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ ಇದೆ ಎಂದರೆ ಹೇಳಿ, ಕಂತು ಶುರುವಾಗುವ ತಿಂಗಳನ್ನು ನೀವೇ ಗೊತ್ತು ಮಾಡಿ. ಕಾರಣಕ್ಕೆ ಸಾಕ್ಷಿ ಕೇಳುವುದಿಲ್ಲ.

ಈ ಪತ್ರದ ಜೊತೆಗೆ ನಿಮ್ಮ ನಿಮ್ಮ ಫೋನಿಗೆ ಒಂದೊಂದು ಸಂದೇಶ ಬರುತ್ತದೆ. ಅದನ್ನು ಬರೆಯಲು ನಾನೂ ಟ್ರೈನರುಗಳೂ ಸಾಕಷ್ಟು ಹೊತ್ತು ಕುಳಿತಿದ್ದೆವು. ಬ್ಯಾಂಕಿನವರಿಗೆ ಕಳಿಸಿದ್ದು ಹೀಗಿತ್ತು: “ನಮಸ್ಕಾರ ಸರ್. ಮಾರ್ಚ್ 20ರವರೆಗೆ ನೀವು ಬಂದ ದಿನಗಳ ಲೆಕ್ಕ 2,500 ರೂ., ಕೊಟ್ಟದ್ದು 2,400, ಉಳಿದದ್ದು 100. ಬೇರೆ ಯಾವ ಶುಲ್ಕವೂ ಇಲ್ಲ. ನಿಮ್ಮ ಶೂ ನಮ್ಮ ಹತ್ತಿರವೇ ಇದೆ. ಯಾವ ಹೊತ್ತಿಗೆ ಬರುತ್ತೀರಿ ಎಂದು ತಿಳಿಸಿದರೆ ನಿಮ್ಮ ಟ್ರೈನರ್ ಕಾದಿರುತ್ತಾರೆ.” ಮೊತ್ತವನ್ನು ಬಿಡಿಸಿ ಬರೆದದ್ದು ಯಾಕೆಂದರೆ, ‘ಬಾಕಿ ಇದೆ, ಸಂಪರ್ಕಿಸಿ’ ಎಂದಷ್ಟೇ ಬರೆದರೆ ಓದಿದವರು ಮತ್ತೆ ತಮ್ಮ ತಲೆಯೊಳಗಿನ ಎಂಟು ಸಾವಿರಕ್ಕೇ ಹೋಗುತ್ತಾರೆ. ಗಡುವು ಹಾಕಿಲ್ಲ, ‘ಕೊನೆಯ ಸೂಚನೆ’ ಎಂಬ ಮಾತಿಲ್ಲ. ‘ದಪ್ಪಗಾಗಿದ್ದೀರಾ’ ಎಂಬಂಥ ಕುಟುಕು ಮಾತಂತೂ ನಮ್ಮ ಜಿಮ್ಮಿನಿಂದ ಯಾರಿಗೂ ಹೋಗುವುದಿಲ್ಲ.

ಸಂದೇಶ ನಿಮ್ಮ ನಂಬರಿಗೆ ಮಾತ್ರ ಬರುತ್ತದೆ, ಗ್ರೂಪಿನಲ್ಲಿ ಹಾಕುವುದಿಲ್ಲ. ಬಾಕಿದಾರರ ಪಟ್ಟಿಯನ್ನು ಗೋಡೆಗೆ ಅಂಟಿಸುವ ಪದ್ಧತಿ ಕೆಲವು ಕಡೆ ಇದೆ, ನಮ್ಮಲ್ಲಿ ಇಲ್ಲ. ಹತ್ತು ದಿನ ಬಿಟ್ಟು ಇನ್ನೊಂದು ಸಲ ನೆನಪಿಸುತ್ತೇವೆ, ಆಮೇಲೆ ತೊಂದರೆ ಕೊಡುವುದಿಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಸೇರುವಾಗ ಫಾರಂನಲ್ಲಿ ನೀವು ಬರೆದುಕೊಟ್ಟ ಗಂಡನ, ತಂದೆಯ ನಂಬರು ಇಲ್ಲಿ ನಿಮಗೇನಾದರೂ ಪೆಟ್ಟಾದರೆ ತಿಳಿಸಲು ಮಾತ್ರ ಇರುವುದು. ಹಣ ಕೇಳಲು ಆ ನಂಬರಿಗೆ ಯಾರೂ ಕರೆ ಮಾಡುವುದಿಲ್ಲ. ಮನೆಯಲ್ಲಿ ಹೇಳದೆ ನಿಮ್ಮ ಸ್ವಂತ ದುಡಿಮೆಯಲ್ಲಿ ಸೇರಿದವರು ಇದ್ದೀರಿ ಎಂದು ನನಗೆ ತಿಳಿದಿದೆ.

ಹಣದ ಮಾತು ಇಲ್ಲಿಗೆ ಮುಗಿಯಿತು. ಆದರೆ ನಿಮ್ಮನ್ನು ತಡೆದಿರುವುದು ಅದೊಂದೇ ಅಲ್ಲ. ಹಿಂದೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂಬ ಬೇಸರ ಒಂದು. ಹಳೆಯ ಗೆಳೆಯರ ಮುಂದೆ ಸಣ್ಣ ಡಂಬಲ್ ಎತ್ತುವ ಸಂಕೋಚ ಇನ್ನೊಂದು. ಇಲ್ಲೂ ನೀವು ಊಹಿಸಿಕೊಂಡಿರುವ ನಷ್ಟ ನಿಜದ ನಷ್ಟಕ್ಕಿಂತ ದೊಡ್ಡದು.

ಬಿಟ್ಟಾಗ ಮೊದಲು ಕುಸಿಯುವುದು ದಮ್ಮು. ಎರಡು ಮೂರು ವಾರಗಳಲ್ಲೇ ರಕ್ತದ ನೀರಿನ ಅಂಶ ಕಡಿಮೆಯಾಗಿ, ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತದ ಪ್ರಮಾಣ ಇಳಿಯುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಅದಕ್ಕೇ. ಸ್ನಾಯುವಿನ ಬಲ ಅಷ್ಟು ಬೇಗ ಹೋಗುವುದಿಲ್ಲ. ಮೂರು ನಾಲ್ಕು ವಾರ ಹೆಚ್ಚು ಕಡಿಮೆ ಹಾಗೇ ಇದ್ದು ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕಷ್ಟಪಟ್ಟು ಬೆಳೆಸಿದ ಸ್ನಾಯುಕೋಶದಲ್ಲಿ ಕೋಶಕೇಂದ್ರಗಳ ಸಂಖ್ಯೆ ಹೆಚ್ಚಿರುತ್ತದೆ. ಸ್ನಾಯು ಸೊರಗಿದ ಮೇಲೂ ಅವು ತಿಂಗಳುಗಟ್ಟಲೆ ಉಳಿಯುತ್ತವೆ ಎಂದು ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ಗುಂಡರ್ಸನ್ ತಂಡ ಇಲಿಗಳಲ್ಲಿ 2010ರಲ್ಲಿ ತೋರಿಸಿತು. ಮನುಷ್ಯರಲ್ಲೂ ಇದೇ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಆದರೆ ಹಿಂದೆ ಸಾಮು ಮಾಡಿದವರು ಹೊಸಬರಿಗಿಂತ ಬೇಗ ತಮ್ಮ ಹಳೆಯ ಬಲಕ್ಕೆ ಮರಳುವುದನ್ನು ನಾವು ಟ್ರೈನರುಗಳು ಸದಾ ಕಾಣುತ್ತೇವೆ.

ಅಪಾಯ ಇರುವುದೂ ಈ ಜಾಗದಲ್ಲೇ. ನಿಮ್ಮ ತಲೆಗೆ ಹಳೆಯ ತೂಕ ನೆನಪಿದೆ, ಸ್ನಾಯುವಿಗೂ ಸಾಕಷ್ಟು ಬಲ ಉಳಿದಿದೆ, ಆದ್ದರಿಂದ ಮೊದಲ ದಿನವೇ ಹಳೆಯ ತೂಕ ಎತ್ತಲು ಆಗಿಬಿಡುತ್ತದೆ. ಆದರೆ ಸ್ನಾಯುವಿನ ಎಳೆಗಳು ಆ ಹೊಡೆತ ತಾಳುವ ಅಭ್ಯಾಸ ಕಳೆದುಕೊಂಡಿರುತ್ತವೆ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳು ಗಟ್ಟಿಯಾಗುವುದು ಇನ್ನೂ ನಿಧಾನ. ಬಿಟ್ಟು ಬಂದವರು ಬಾಕಿ ತೀರಿಸುವ ಹಟದಲ್ಲಿ ಒಂದೇ ದಿನ ಐದಾರು ಸೆಟ್ ಹೊಡೆದರೆ ತೊಂದರೆ ಶುರುವಾಗುತ್ತದೆ.

ಸಾಮಾನ್ಯ ಮೈಕೈ ನೋವಿಗೂ ಅಪಾಯಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತಿರಬೇಕು. ಸಾಮಾನ್ಯ ನೋವು ಮಾರನೆಯ ದಿನ ಶುರುವಾಗಿ ಎರಡನೇ ಮೂರನೇ ದಿನ ಜೋರಾಗಿ ಆಮೇಲೆ ಇಳಿಯುತ್ತದೆ, ನಿಧಾನವಾಗಿ ನಡೆದಾಡಿದರೆ ಹಗುರವೂ ಆಗುತ್ತದೆ. ಆದರೆ ತೋಳೋ ತೊಡೆಯೋ ಊದಿಕೊಂಡು ಬಿಗಿದು, ಮೊಣಕೈ ಚಾಚಲಾಗದಷ್ಟು ನೋವಿದ್ದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಸ್ನಾಯು ಒಡೆದು ಅದರೊಳಗಿನ ವಸ್ತುಗಳು ರಕ್ತಕ್ಕೆ ಸೇರುತ್ತಿವೆ ಎಂದು ಅನುಮಾನಿಸಬೇಕು. ಇದಕ್ಕೆ ರ‍್ಯಾಬ್ಡೋಮಯೋಲಿಸಿಸ್ ಎನ್ನುತ್ತಾರೆ, ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಮೂತ್ರಪಿಂಡದ ಕಷ್ಟವನ್ನು ಅದು ಹೆಚ್ಚಿಸಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಸಿಕೆ ಪರೀಕ್ಷೆ ಮಾಡಿಸಿ. ಇದು ಅಪರೂಪದ್ದು ನಿಜ. ಬಹಳ ದಿನ ಬಿಟ್ಟು ಬಂದು ಒಮ್ಮೆಗೇ ಅತಿಯಾಗಿ ಮಾಡಿದವರಲ್ಲಿ ಕಾಣಿಸಿಕೊಳ್ಳುವಂಥದ್ದೂ ಹೌದು.

ಅದಕ್ಕೇ ಮರಳಿ ಬಂದವರ ಮೊದಲ ವಾರ ನಮ್ಮ ಕೈಯಲ್ಲಿರುತ್ತದೆ. ಬ್ಯಾಂಕಿನವರು ಮಾರ್ಚ್ ತಿಂಗಳಲ್ಲಿ 60 ಕೆಜಿ ಹೊತ್ತು ಎಂಟರ ಮೂರು ಸೆಟ್ ಸ್ಕ್ವಾಟ್ ಹೊಡೆಯುತ್ತಿದ್ದರು. ಎಲ್ಲ ಕೂಡಿದರೆ 1,440 ಕೆಜಿ. ಮರಳಿದ ಮೊದಲ ವಾರ ಅವರಿಗೆ ಕೊಟ್ಟದ್ದು 30 ಕೆಜಿ, ಅಂದರೆ 20 ಕೆಜಿ ರಾಡಿಗೆ ಎರಡೂ ಬದಿ ಐದೈದರ ಪ್ಲೇಟು, ಎಂಟರ ಎರಡೇ ಸೆಟ್. ಕೂಡಿದರೆ 480 ಕೆಜಿ, ಹಳೆಯದರ ಮೂರನೇ ಒಂದು ಪಾಲು. ‘ಇಷ್ಟೇನಾ’ ಎಂದರು. ಹೌದು, ಇಷ್ಟೇ, ಅದೂ ವಾರದಲ್ಲಿ ಮೂರು ದಿನ ಮಾತ್ರ. ಎರಡನೇ ವಾರ ತೂಕ ಹೆಚ್ಚಿಸದೆ ಮೂರನೇ ಸೆಟ್ ಸೇರಿಸಿದೆವು. ಮೂರನೇ ವಾರ 35 ಕೆಜಿ, ಈಗ ನಾಲ್ಕನೇ ವಾರ 40. ಹಿಂದಿನ ಸಾಮಿನ ನೋವು ಮೂರನೇ ದಿನಕ್ಕೂ ಇಳಿಯದಿದ್ದರೆ ಆ ವಾರ ತೂಕ ಏರಿಸುವುದಿಲ್ಲ, ಇದೊಂದೇ ನಿಯಮ. ಹೀಗೇ ನಡೆದರೆ ಎರಡು ಎರಡೂವರೆ ತಿಂಗಳಲ್ಲಿ ಅವರು ತಮ್ಮ ಅರವತ್ತರ ಹತ್ತಿರ ಬರುತ್ತಾರೆ. ಮೊದಲ ಸಲ ಅಲ್ಲಿಗೆ ಮುಟ್ಟಲು ಅವರಿಗೆ ಇದಕ್ಕಿಂತ ಬಹಳ ಹೆಚ್ಚು ಕಾಲ ಬೇಕಾಗಿತ್ತು, ನಮ್ಮಲ್ಲಿಗೆ ಬರುವ ಮೊದಲೇ ಬೇರೆ ಕಡೆ ಮಾಡಿ ಬಂದವರು ಅವರು.

ಇದು ಜಿಮ್ಮಿನವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಮೈಸೂರಿನ ಗರಡಿಗಳಲ್ಲಿ ಬೆಳೆದವರಿಗೆ ಇದು ತಿಳಿದದ್ದೇ. ತಿಂಗಳುಗಟ್ಟಲೆ ಬಾರದ ಹುಡುಗ ಮರಳಿದರೆ ಉಸ್ತಾದರು ಅವನನ್ನು ನೇರ ಕುಸ್ತಿಗೆ ಬಿಡುತ್ತಿರಲಿಲ್ಲ. ಕೈಗೆ ಗುದ್ದಲಿ ಕೊಟ್ಟು ಅಖಾಡದ ಮಣ್ಣು ಅಗೆಯಿಸುತ್ತಿದ್ದರು, ಒಂದಿಷ್ಟು ಬಸ್ಕಿ ಹೊಡೆಸಿ ಸಾಕು ಎನ್ನುತ್ತಿದ್ದರು. ಯಾಕೆ ಬರಲಿಲ್ಲ ಎಂದು ಎಲ್ಲರ ಮುಂದೆ ಕೇಳುತ್ತಲೂ ಇರಲಿಲ್ಲ. ನಮ್ಮ ಟ್ರೈನರುಗಳಿಗೂ ನಾನು ಅದನ್ನೇ ಹೇಳಿದ್ದೇನೆ. ‘ಎಲ್ಲಿ ಹೋಗಿದ್ದಿರಿ ಸರ್, ಕಾಣಲೇ ಇಲ್ಲ’ ಎಂಬ ಪ್ರಶ್ನೆ ಪ್ರೀತಿಯದ್ದೇ ಆದರೂ ಉತ್ತರ ಹೇಳಬೇಕಾದವರಿಗೆ ಅದು ಭಾರ. ‘ಬನ್ನಿ ಸರ್’, ‘ಬನ್ನಿ ಮೇಡಂ’ ಎಂದಷ್ಟೇ ಹೇಳಿ ಕೆಲಸ ಶುರು ಮಾಡುತ್ತಾರೆ.

ಬರುವ ಮೊದಲು ಕೆಲವು ವಿಷಯ ಗಮನಿಸಿ. ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆಯ ಮಾತ್ರೆ ನುಂಗುವವರು, ಈ ನಡುವೆ ಆಪರೇಷನ್ ಆದವರು ಡಾಕ್ಟರನ್ನು ಒಮ್ಮೆ ಕಂಡು ಬನ್ನಿ. ಎದೆನೋವೋ ತಲೆಸುತ್ತೋ ಇದ್ದರೆ ಅದು ತೀರ್ಮಾನವಾಗುವವರೆಗೆ ನಾವು ರಾಡು ಮುಟ್ಟಲು ಬಿಡುವುದಿಲ್ಲ, ಎಷ್ಟು ಕೇಳಿಕೊಂಡರೂ ಅಷ್ಟೇ. ಹೆರಿಗೆಯಾದವರು ನಿಮ್ಮ ಡಾಕ್ಟರ್ ಹೇಳಿದ ದಿನದ ನಂತರ ಬನ್ನಿ, ಅಲ್ಲಿಯವರೆಗಿನ ದಿನಗಳು ಬಂದ ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ. ಜನ ಹೆಚ್ಚಿರುವಾಗ ಮುಜುಗರ ಎನಿಸುವವರು ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಆಗ ಒಳಗೆ ನಾಲ್ಕೈದು ಜನರಿಗಿಂತ ಹೆಚ್ಚಿರುವುದಿಲ್ಲ. ಮಹಿಳಾ ಬ್ಯಾಚು ಎಂದಿನಂತೆ ಮಧ್ಯಾಹ್ನ ಮೂರಕ್ಕೆ.

ರ‍್ಯಾಕಿನಲ್ಲಿ ಬಿಟ್ಟುಹೋದ ಶೂ, ಟವೆಲ್, ಬೆಲ್ಟು, ಒಂದು ಊಟದ ಡಬ್ಬಿ ಕೂಡ, ಎಲ್ಲವನ್ನೂ ಬಿಸಿಲಿಗೆ ಹಾಕಿ ಒಣಗಿಸಿ, ಹೆಸರು ಬರೆದು ಚೀಲದಲ್ಲಿಟ್ಟಿದ್ದೇವೆ. ಮುಂದುವರಿಯುವ ಮನಸ್ಸಿಲ್ಲದವರೂ ಬಂದು ಅವನ್ನು ತೆಗೆದುಕೊಂಡು ಹೋಗಬಹುದು, ಬಾಕಿಯ ಮಾತು ಆಗಲೂ ಕೌಂಟರಿನಲ್ಲಿ ಎತ್ತುವುದಿಲ್ಲ. ಬೇರೆ ಜಿಮ್ಮಿಗೆ ಸೇರಿದ್ದೀರಿ ಎಂದಾದರೆ ಒಂದು ಸಾಲಿನ ಸಂದೇಶ ಕಳಿಸಿ, ಜಮೆಯಲ್ಲಿರುವ ಹಣವನ್ನು ನಿಮ್ಮ ಮನೆಯವರಲ್ಲಿ ಯಾರ ಹೆಸರಿಗೆ ಬೇಕೋ ಅವರ ಹೆಸರಿಗೆ ಬದಲಾಯಿಸಿಕೊಡುತ್ತೇವೆ.

ಲೆಕ್ಕದಲ್ಲಿ ತಪ್ಪು ಕಂಡರೆ ನಿಮ್ಮ ಹತ್ತಿರವಿರುವ ರಸೀದಿ ತನ್ನಿ. ರಸೀದಿ ಕಳೆದಿದ್ದರೆ ಫೋನಿನಲ್ಲಿ ಹಣ ಕಳಿಸಿದ ದಾಖಲೆ ಸಾಕು. ಎರಡೂ ಇಲ್ಲದಿದ್ದರೆ ರಿಜಿಸ್ಟರಿನಲ್ಲಿರುವ ನಿಮ್ಮ ಹಾಜರಿಯ ಪುಟವನ್ನು ಒಟ್ಟಿಗೆ ಕುಳಿತು ನೋಡೋಣ. ಭಾನುವಾರ ಬಿಟ್ಟು ಎಲ್ಲ ದಿನ ಸಂಜೆ ಐದರಿಂದ ಎಂಟರವರೆಗೆ ನಾನೇ ಕೌಂಟರಿನಲ್ಲಿರುತ್ತೇನೆ.

ಇಂತಿ,
ನಿಮ್ಮ ಜಿಮ್ಮಿನ ಮಾಲೀಕ,
ಮೈಸೂರು